ಕೆಂಪಕ್ಷರದ ಒಂದು ಅಂಕಿ

ಪ್ರಿಯ ಗೆಳೆಯಾ,

ನಿನ್ನ ರಕ್ತಪರೀಕ್ಷೆಯ ವರದಿ ನೋಡಿದೆ. ಪೊಟ್ಯಾಸಿಯಂ 5.3 ಇದೆ, ಪಕ್ಕದಲ್ಲಿ ಮಿತಿ 3.5ರಿಂದ 5.1. ಅದಕ್ಕೇ ಕೆಂಪು. ಬ್ಯಾಂಕಿನಲ್ಲಿ ಕೆಂಪು ಶಾಯಿ ಕಂಡರೆ ನಮ್ಮ ಎದೆ ಝಲ್ಲೆನ್ನುತ್ತಿತ್ತು. ಇಲ್ಲಿ ಲೆಕ್ಕವೇ ಬೇರೆ.

ಈ ಮಿತಿ ಹೇಗೆ ಬರುತ್ತದೆ ಗೊತ್ತೇ? ಆರೋಗ್ಯವಂತರ ರಕ್ತ ಪರೀಕ್ಷಿಸಿ, ಅಂಕಿಗಳನ್ನು ಸಾಲಾಗಿ ಜೋಡಿಸಿ, ನೂರರಲ್ಲಿ ನಡುವಿನ 95 ಮಂದಿ ಒಳಗಿರುವಂತೆ ಗೆರೆ ಎಳೆಯುತ್ತಾರೆ. ಉಳಿದ ಐವರು ಆರೋಗ್ಯವಾಗಿದ್ದೂ ಗೆರೆಯ ಆಚೆಗೆ! ಹಾಗಾಗಿ ಇಪ್ಪತ್ತು ಪರೀಕ್ಷೆ ಮಾಡಿಸಿದರೆ ಒಂದು ಕೆಂಪಾಗುವುದು ಸಹಜ.

ರಕ್ತ ತೆಗೆಯುವಾಗ ನರ ಸಿಗದೆ, ಮುಷ್ಟಿಯನ್ನು ಮತ್ತೆ ಮತ್ತೆ ಬಿಗಿಯಲು ಹೇಳಿದರೆಂದು ಬರೆದಿದ್ದೀಯ. ಸ್ನಾಯು ದುಡಿದಾಗ ಅದರೊಳಗಿನ ಪೊಟ್ಯಾಸಿಯಂ ಆ ಕೈಯ ರಕ್ತಕ್ಕೆ ಇಳಿಯುತ್ತದೆ. ತೆಗೆದ ರಕ್ತದಲ್ಲಿ ಕಣಗಳು ಒಡೆದರೂ ಅಂಕಿ ಏರುತ್ತದೆ. ಅಷ್ಟಕ್ಕೇ ಮೈಯೆಲ್ಲ ಕೆಟ್ಟಿತೆಂದಲ್ಲ.

ಆದರೂ ವರದಿಯನ್ನು ವೈದ್ಯರಿಗೆ ತೋರಿಸು. ನಿನ್ನ ಬಿ.ಪಿ. ಮಾತ್ರೆಯ ಹೆಸರನ್ನೂ ಹೇಳು. ಅಂಥ ಕೆಲವು ಮಾತ್ರೆಗಳಿಂದ, ಮೂತ್ರಪಿಂಡದ ತೊಂದರೆಯಿಂದ ಪೊಟ್ಯಾಸಿಯಂ ನಿಜವಾಗಿಯೂ ಏರಬಹುದು. ನೀನಾಗಿ ಮಾತ್ರೆ ನಿಲ್ಲಿಸಬೇಡ. ಬಾಳೆಹಣ್ಣು, ಎಳನೀರು ಬಿಡಬೇಕೇ ಎಂಬುದನ್ನೂ ಅವರೇ ಹೇಳಲಿ. ಬಹುಶಃ ಇನ್ನೊಮ್ಮೆ ರಕ್ತ ಕೊಡಲು ಹೇಳಿಯಾರು. ಆಗ ಮುಷ್ಟಿ ಬಿಗಿಯಬೇಡ, ಕೈ ಸಡಿಲವಾಗಿರಲಿ. ಅಂಕಿ ಇಳಿದರೆ ವಿಷಯ ಮುಗಿಯಿತು. ಹಾಗೇ ಉಳಿದರೆ ಅವರು ಕಾರಣ ಹುಡುಕುತ್ತಾರೆ.

ಎದೆಬಡಿತ ಏರುಪೇರಾದರೆ, ಕೈಕಾಲು ಸೋತುಬಂದರೆ ಮಾತ್ರ ಕಾಯಬೇಡ. ಆಗಲೇ ಆಸ್ಪತ್ರೆಗೆ ಹೋಗು.

ಎರಡನೆಯ ವರದಿ ಬಂದೊಡನೆ ಒಂದು ಸಾಲು ಬರೆ.

ನಿನ್ನ ಹಳೆಯ ಗೆಳೆಯ