ಗ್ರಹಣವಲ್ಲ, ಇಪ್ಪತ್ತೆಂಟನೆಯ ದಿನ

ಹಿರಿಯ ಓದುಗರೊಬ್ಬರು ನಮಗೊಂದು ಪತ್ರ ಬರೆದಿದ್ದಾರೆ. ಅವರ ಮೊಮ್ಮಗು ಬೆನ್ನಿನ ಕೆಳಭಾಗದಲ್ಲಿ ತೆರೆದ ಗಂಟಿನೊಂದಿಗೆ ಹುಟ್ಟಿತು. ಶಸ್ತ್ರಕ್ರಿಯೆಯಾಗಿ ಗಾಯ ಮಾಗಿದೆಯಾದರೂ ಕಾಲುಗಳಲ್ಲಿ ಬಲವಿಲ್ಲ. ಸೊಸೆ ಐದನೆಯ ತಿಂಗಳಿನಲ್ಲಿ ಗ್ರಹಣದ ಹೊತ್ತು ಅಂಗಳಕ್ಕೆ ಇಳಿದಿದ್ದಳೆಂದು ನೆರೆಕರೆಯವರು ಆಡಿಕೊಳ್ಳುತ್ತಿದ್ದಾರಂತೆ. ಇದು ನಿಜವೇ ಎಂಬುದು ಅವರ ಪ್ರಶ್ನೆ.

ನಿಜವಲ್ಲ. ಹೀಗೆನ್ನಲು ನಮಗೆ ಕ್ಯಾಲೆಂಡರೊಂದೇ ಸಾಕು.

ಗರ್ಭ ಕಟ್ಟಿ ಹದಿನೆಂಟು ದಿನಗಳಾಗುವಾಗ ಭ್ರೂಣದ ಬೆನ್ನಿನ ಕಡೆ ಜೀವಕೋಶಗಳ ಒಂದು ಚಪ್ಪಟೆ ಹಾಸು ಕಾಣಿಸಿಕೊಳ್ಳುತ್ತದೆ. ಮಿದುಳು ಮತ್ತು ಬೆನ್ನುಹುರಿ ರೂಪುಗೊಳ್ಳುವುದು ಇದರಿಂದಲೇ. ಬಿಸಿಲಿಗೆ ಬಿದ್ದ ಅಡಿಕೆಯ ಹಾಳೆಯನ್ನು ಕಂಡವರಿಗೆ ಮುಂದಿನದು ಸುಲಭವಾಗಿ ತಿಳಿದೀತು: ನಡುವೆ ತಗ್ಗು ಬಿದ್ದು, ಎರಡು ಅಂಚುಗಳು ಮೇಲೆದ್ದು ಒಂದರ ಕಡೆಗೊಂದು ಬಾಗುತ್ತವೆ. ಇಪ್ಪತ್ತೆರಡನೆಯ ದಿನದ ಸುಮಾರಿಗೆ ಅವು ಮೊದಲು ಕುತ್ತಿಗೆಯ ಭಾಗದಲ್ಲಿ ಕೂಡಿಕೊಳ್ಳುತ್ತವೆ. ಅಲ್ಲಿಂದ ಬೆಸುಗೆ ತಲೆಯ ಕಡೆಗೂ ಬಾಲದ ಕಡೆಗೂ ಸಾಗುತ್ತದೆ. ಹಾಸು ಕೊಳವೆಯಾಗುತ್ತದೆ, ಇದೇ ನರನಾಳ. ತಲೆಯ ಕಡೆಯ ಬಾಯಿ ಸುಮಾರು ಇಪ್ಪತ್ತೈದನೆಯ ದಿನ, ಕೆಳಗಿನದು ಇಪ್ಪತ್ತೆಂಟನೆಯ ದಿನದೊಳಗೆ ಮುಚ್ಚಿಕೊಳ್ಳಬೇಕು. ಆಗ ಭ್ರೂಣದ ಉದ್ದ ಸುಮಾರು 4 ಮಿಲ್ಲಿಮೀಟರ್, ಒಂದು ಅಕ್ಕಿಕಾಳಿಗಿಂತಲೂ ಕಡಿಮೆ.

ಮೇಲಿನ ಬಾಯಿ ಮುಚ್ಚದಿದ್ದರೆ ತಲೆಬುರುಡೆಯೂ ಮಿದುಳಿನ ಬಹುಭಾಗವೂ ಬೆಳೆಯುವುದಿಲ್ಲ. ಅಂಥ ಶಿಶು ಬದುಕುವುದಿಲ್ಲ. ವೈದ್ಯರು ಇದನ್ನು ಅನೆನ್ಸೆಫಲಿ ಎನ್ನುತ್ತಾರೆ. ಕೆಳಗಿನ ಭಾಗ ತೆರೆದೇ ಉಳಿದರೆ ಆಗುವುದು ಸ್ಪೈನಾ ಬೈಫಿಡಾ. ಹೆಸರು ಕೇಳಿ ಇದು ಎಲುಬಿನ ರೋಗವೆಂದು ಭಾವಿಸುವವರುಂಟು. ಮೂಲ ದೋಷ ನರನಾಳದ್ದು. ಕೊಳವೆ ಮುಚ್ಚಿದ ಮೇಲೆಯೇ ಬೆನ್ನೆಲುಬಿನ ಕಮಾನು ಅದರ ಮೇಲೆ ಕೂಡಿಕೊಳ್ಳುತ್ತದೆ. ಕೊಳವೆ ತೆರೆದಿದ್ದಲ್ಲಿ ಕಮಾನು ಕೂಡಲು ದಾರಿಯಿಲ್ಲ. ಹೀಗೆ ಮರೆಯಿಲ್ಲದೆ ಉಳಿದ ಬೆನ್ನುಹುರಿ ಮುಂದಿನ ತಿಂಗಳುಗಳಲ್ಲಿ ಗರ್ಭಜಲದಲ್ಲಿ ನೆನೆಯುತ್ತ ಇನ್ನಷ್ಟು ಹಾಳಾಗುತ್ತದೆ. ಕಾಲಿನ ಬಲವೂ ಮೂತ್ರದ ಹಿಡಿತವೂ ಕುಗ್ಗುವುದು ಹೀಗೆ. ಹಲವು ಮಕ್ಕಳಲ್ಲಿ ತಲೆಯೊಳಗೆ ನೀರು ತುಂಬುವುದೂ ಉಂಟು. ಚರ್ಮದಡಿ ಎಲುಬಿನ ಕಮಾನು ಮಾತ್ರ ಕೂಡದೆ ಉಳಿದ ಸೌಮ್ಯ ಬಗೆ ಬೇರೆ. ಅದು ಹೆಚ್ಚಿನವರಿಗೆ ಏನೂ ತೊಂದರೆ ಕೊಡುವುದಿಲ್ಲ.

ಈಗ ದಿನ ಎಣಿಸೋಣ. ಒಬ್ಬಾಕೆ ಜನವರಿ 1ರಂದು ಮುಟ್ಟಾದಳೆನ್ನಿ. ಗರ್ಭ ಕಟ್ಟುವುದು 15ರ ಸುಮಾರಿಗೆ. ಮುಂದಿನ ಮುಟ್ಟು ಬರಬೇಕಾದುದು 29ಕ್ಕೆ. ನರನಾಳ ಪೂರ್ತಿ ಮುಚ್ಚಬೇಕಾದುದು ಫೆಬ್ರವರಿ 12ಕ್ಕೆ. ಎಂದರೆ ಮುಟ್ಟು ತಪ್ಪಿ ಕೇವಲ ಎರಡು ವಾರ! ನಮ್ಮ ಮನೆಗಳಲ್ಲಿ ಅತ್ತೆಗೆ ಸುದ್ದಿ ಮುಟ್ಟುವುದೇ ಆಮೇಲೆ. ಡಾಕ್ಟರರನ್ನು ಕಾಣುವುದು ಮಾರ್ಚಿನಲ್ಲಿ. ಐದನೆಯ ತಿಂಗಳ ಗ್ರಹಣಕ್ಕೆ ಇದರಲ್ಲಿ ಪಾಲೆಲ್ಲಿದೆ?

ಆದರೆ ಇದೇ ಲೆಕ್ಕ ನಮ್ಮ ಔಷಧದ ಪದ್ಧತಿಯ ದೋಷವನ್ನೂ ತೋರಿಸುತ್ತದೆ. ಫೋಲಿಕ್ ಆಮ್ಲವೆಂಬ ಜೀವಸತ್ವ ಈ ದೋಷವನ್ನು ಬಹುಮಟ್ಟಿಗೆ ತಡೆಯುತ್ತದೆಂಬುದು 1991ರಲ್ಲಿ ಸಿದ್ಧವಾಯಿತು. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯು ಏಳು ದೇಶಗಳಲ್ಲಿ, ಹಿಂದೆ ಇಂಥ ಶಿಶುವನ್ನು ಹೆತ್ತ ತಾಯಂದಿರಲ್ಲಿ ಪ್ರಯೋಗ ನಡೆಸಿತು. ಫಲಿತಾಂಶ ತಿಳಿದ 1,195 ಗರ್ಭಗಳಲ್ಲಿ 27ರಲ್ಲಿ ದೋಷ ಕಂಡಿತು. ಅವುಗಳಲ್ಲಿ ಫೋಲಿಕ್ ಆಮ್ಲ ಪಡೆದವರದು 6, ಪಡೆಯದವರದು 21. ಗಮನಿಸಬೇಕಾದುದೇನೆಂದರೆ, ಮಾತ್ರೆಯನ್ನು ಗರ್ಭ ಕಟ್ಟುವ ಮೊದಲೇ ಆರಂಭಿಸಲಾಗಿತ್ತು. ಮಾರ್ಚಿನಲ್ಲಿ ಬರೆದುಕೊಟ್ಟ ಮಾತ್ರೆ ತಾಯಿಯ ರಕ್ತಕ್ಕೆ ಒಳ್ಳೆಯದೇ, ಆದರೆ ಫೆಬ್ರವರಿ 12ಕ್ಕೆ ಮುಚ್ಚಬೇಕಿದ್ದ ಕೊಳವೆಯನ್ನು ಅದು ಮುಚ್ಚಲಾರದು.

ಆದುದರಿಂದ ಮಗುವಿನ ಯೋಚನೆಯಿರುವ ಹೆಂಗಸು ಒಂದು ತಿಂಗಳಾದರೂ ಮೊದಲೇ ದಿನಕ್ಕೆ 0.4 ಮಿಲ್ಲಿಗ್ರಾಂ ತೆಗೆದುಕೊಳ್ಳಲು ಆರಂಭಿಸಿ, ಗರ್ಭದ ಮೊದಲ ಮೂರು ತಿಂಗಳು ಮುಂದುವರಿಸಬೇಕು. ಹರಿವೆ, ಹೆಸರುಕಾಳುಗಳಲ್ಲೂ ಈ ಜೀವಸತ್ವವಿದೆ. ಆದರೆ ಬೇಯಿಸುವಾಗ ಬಹಳಷ್ಟು ನಷ್ಟವಾಗುವುದರಿಂದ ಊಟವೊಂದನ್ನೇ ನೆಚ್ಚುವಂತಿಲ್ಲ. ಮಾತ್ರೆ ನುಂಗಿದರೂ ದೋಷ ಬಂದ ಉದಾಹರಣೆಗಳಿವೆ. ವಂಶದ ಗುಣ, ತಾಯಿಯ ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಅಪಸ್ಮಾರಕ್ಕೆ ಕೊಡುವ ವಾಲ್ಪ್ರೊಯೇಟ್ ಔಷಧ ಇವೂ ಕಾರಣವಾಗಬಲ್ಲವು. ಆ ಔಷಧವನ್ನು ತಾವಾಗಿ ನಿಲ್ಲಿಸುವುದು ಅಪಾಯ. ಬಸುರಿಯಾಗುವ ಮುನ್ನವೇ ವೈದ್ಯರೊಡನೆ ಮಾತಾಡಬೇಕು.

ಗರ್ಭಿಣಿಯೆಂದು ಹೆಸರು ಬರೆಸಿದ ಮೇಲೆ ಮಾತ್ರೆ ಕೊಡುವ ಕ್ರಮ ಬದಲಾಗಿ, ಹೊಸತಾಗಿ ಮದುವೆಯಾದವರ ಮನೆಗೇ ಅದು ತಲುಪುವಂತಾಗಬೇಕೆಂದು ಆರೋಗ್ಯ ಇಲಾಖೆಯನ್ನು ನಾವು ಒತ್ತಾಯಿಸುತ್ತೇವೆ. ಪತ್ರ ಬರೆದ ಹಿರಿಯರಿಗೆ ಹೇಳುವುದು ಇನ್ನೂ ಒಂದಿದೆ. ಸೊಸೆ ಇನ್ನೊಂದು ಮಗುವನ್ನು ಬಯಸಿದರೆ 0.4 ಮಿಲ್ಲಿಗ್ರಾಂ ಸಾಲದು. ಒಮ್ಮೆ ಇಂಥ ಶಿಶುವನ್ನು ಹೆತ್ತವರಿಗೆ ಅದರ ಹತ್ತು ಪಟ್ಟು ಬೇಕಾಗುತ್ತದೆ. ಅದನ್ನು ವೈದ್ಯರು ಬರೆದುಕೊಡಬೇಕು, ಅದೂ ಮುಟ್ಟು ತಪ್ಪುವುದಕ್ಕೆ ಮೊದಲು.