ಉದ್ದೇಶಗಳು ಎಂಬಲ್ಲಿ ಏನು ಬರೆಯಬೇಕು?

ಚಿಕ್ಕಮ್ಮನ ಮಗಳು ತನ್ನ ಪಿಎಚ್‌ಡಿ ಪ್ರಸ್ತಾವನೆಯನ್ನು ನೋಡಲು ಕಳಿಸಿದ್ದಳು. ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಮಾಡಿದ ಪುಟಗಳನ್ನು ಕಂಪ್ಯೂಟರಿನಿಂದ ಓದಿಸಿ ಪಠ್ಯವಾಗಿಸುವ ಓಸಿಆರ್ ಅವಳ ವಿಷಯ. ಬರೆದಿದ್ದ ಉದ್ದೇಶಗಳು ಮೂರು: ಕನ್ನಡ ಓಸಿಆರ್ ಅಧ್ಯಯನ ಮಾಡುವುದು, ಅದರ ನಿಖರತೆ ಹೆಚ್ಚಿಸುವುದು, ಕನ್ನಡದ ಜ್ಞಾನಸಂಪತ್ತನ್ನು ಉಳಿಸುವುದು. ಆಸೆಗಳೇನೋ ಚೆನ್ನಾಗಿವೆ. ಆದರೆ ಕೆಲಸ ಮುಗಿದ ಮೇಲೆ ಇವು ಈಡೇರಿದವೋ ಇಲ್ಲವೋ ಎಂದು ಪರೀಕ್ಷಕರು ಯಾವುದನ್ನು ನೋಡಿ ಹೇಳಬೇಕು? ಮೂರನೆಯದನ್ನು ಪೀಠಿಕೆಗೆ ಸಾಗಿಸಿದೆವು. ಅದು ಈ ಕೆಲಸಕ್ಕೆ ಕೈಹಾಕಲು ಕಾರಣ, ಕೆಲಸವಲ್ಲ.

ಹೆಚ್ಚು ಹೊತ್ತು ಹಿಡಿದದ್ದು ‘ನಿಖರತೆ’ ಎಂಬ ಒಂದೇ ಪದ. ಓಸಿಆರ್‌ನಲ್ಲಿ ತಪ್ಪನ್ನು ಅಳೆಯುವ ರೂಢಿ ಹೀಗಿದೆ: ಬಿಟ್ಟುಹೋದ, ಸೇರಿಕೊಂಡ, ಬದಲಾದ ಅಕ್ಷರಗಳನ್ನು ಕೂಡಿಸಿ, ಮೂಲದ ಒಟ್ಟು ಅಕ್ಷರಗಳಿಂದ ಭಾಗಿಸುವುದು. ಆದರೆ ಕನ್ನಡದಲ್ಲಿ ‘ಒಂದು ಅಕ್ಷರ’ ಎಂದರೆ ಯಾವುದು? ‘ರಾಷ್ಟ್ರ’ ನಮ್ಮ ಕಣ್ಣಿಗೆ ಎರಡು ಅಕ್ಷರ. ಯೂನಿಕೋಡಿನಲ್ಲಿ ಏಳು ಸಂಕೇತ. ಯಂತ್ರ ‘ರ’ ಒತ್ತನ್ನು ಬಿಟ್ಟು ‘ರಾಷ್ಟ’ ಎಂದು ಓದಿದರೆ, ಒಂದು ಲೆಕ್ಕದಲ್ಲಿ ಏಳರಲ್ಲಿ ಎರಡು ಸಂಕೇತ ಹೋಯಿತು, ಅಂದರೆ ಸುಮಾರು 29 ಶೇಕಡ ತಪ್ಪು. ಇನ್ನೊಂದು ಲೆಕ್ಕದಲ್ಲಿ ಎರಡರಲ್ಲಿ ಒಂದು, 50 ಶೇಕಡ. ಯಾವ ಲೆಕ್ಕವೆಂದು ಉದ್ದೇಶದಲ್ಲೇ ಬರೆಯದಿದ್ದರೆ ಕೊನೆಗೆ ಅನುಕೂಲವಾದದ್ದನ್ನು ಆರಿಸಿಕೊಳ್ಳುವ ಆಮಿಷ ಇದ್ದೇ ಇರುತ್ತದೆ.

ಆಮೇಲೆ ಕ್ರಮದ ಪ್ರಶ್ನೆ. ಮೊದಲನೆಯದು ಹೀಗಾಯಿತು: 20 ಪುಸ್ತಕಗಳಿಂದ 500 ಪುಟ ಆರಿಸಿ, ಪ್ರತಿ ಪುಟವನ್ನೂ ಇಬ್ಬರಿಂದ ಬೇರೆಬೇರೆಯಾಗಿ ಟೈಪ್ ಮಾಡಿಸಿ, ಹೋಲಿಸಿ, ತಿದ್ದಿದ ಪಠ್ಯ ಸಿದ್ಧಪಡಿಸುವುದು. ಎರಡನೆಯದು, ನಾಲ್ಕು ಪುಸ್ತಕಗಳ 100 ಪುಟಗಳನ್ನು ಪರೀಕ್ಷೆಗೆಂದು ತೆಗೆದಿಟ್ಟು, ಈಗಿರುವ ಟೆಸರಾಕ್ಟ್ ತಂತ್ರಾಂಶದ ತಪ್ಪಿನ ಪ್ರಮಾಣವನ್ನು ಅವುಗಳ ಮೇಲೆ ಅಳೆಯುವುದು. ಪುಟಗಳನ್ನಲ್ಲ, ಇಡೀ ಪುಸ್ತಕಗಳನ್ನೇ ತೆಗೆದಿಡಬೇಕು. ಒಂದೇ ಪುಸ್ತಕದ ಪುಟಗಳು ತರಬೇತಿಗೂ ಪರೀಕ್ಷೆಗೂ ಹಂಚಿಹೋದರೆ, ಆ ಮುದ್ರಣದ ಅಚ್ಚುಮೊಳೆ ಯಂತ್ರಕ್ಕೆ ಮೊದಲೇ ಪರಿಚಯವಾಗಿ ಅಂಕ ಉಬ್ಬುತ್ತದೆ. ಮೂರನೆಯದು, ಆ ತಪ್ಪುಗಳಲ್ಲಿ ಒತ್ತಕ್ಷರದವು ಎಷ್ಟು, ಮಸುಕಾದ ಮುದ್ರಣದಿಂದ ಬಂದವು ಎಷ್ಟು ಎಂದು ವಿಂಗಡಿಸುವುದು.

ನಾಲ್ಕನೆಯದಕ್ಕೆ ಅವಳು ‘95 ಶೇಕಡ ನಿಖರತೆ ಸಾಧಿಸುವುದು’ ಎಂದು ಬರೆದಳು. ಸಂಖ್ಯೆಯೇನೋ ಬಂತು, ಆದರೆ ಎಲ್ಲಿಂದ? ಈಗಿನ ತಂತ್ರಾಂಶ ಆಗಲೇ 96ರಲ್ಲಿದ್ದರೆ ಗುರಿ ನಗೆಪಾಟಲು, 70ರಲ್ಲಿದ್ದರೆ ಗಗನಕುಸುಮ. ಎರಡನೆಯ ಉದ್ದೇಶದ ಉತ್ತರ ಸಿಗುವವರೆಗೆ ಅದನ್ನು ಹೇಳಲು ಬರುವುದಿಲ್ಲ. ಅಲ್ಲದೆ ‘ಸಾಧಿಸುವುದು’ ಎಂದರೆ, ಸಾಧ್ಯವಾಗದಿದ್ದರೆ ಸಂಶೋಧನೆಯೇ ಸೋತಂತೆ. ಕೊನೆಗೆ ಉಳಿದದ್ದು ಇದು: ಉಳಿದ 400 ಪುಟಗಳಿಂದ ಮರುತರಬೇತಿ ಕೊಟ್ಟರೆ, ಅದೇ 100 ಪುಟಗಳಲ್ಲಿ ಒತ್ತಕ್ಷರದ ತಪ್ಪುಗಳು ಕನಿಷ್ಠ ಕಾಲುಭಾಗವಾದರೂ ಇಳಿಯುತ್ತವೆಯೇ ಎಂದು ಪರೀಕ್ಷಿಸುವುದು. ಇಳಿಯದಿದ್ದರೂ ಅದೊಂದು ಫಲಿತಾಂಶವೇ. ಕಾರಣ ಹುಡುಕಲು ಮೂರನೆಯ ಉದ್ದೇಶದ ಪಟ್ಟಿ ಕೈಯಲ್ಲಿರುತ್ತದೆ.