ಪ್ರಾಜೆಕ್ಟ್ ನಿಂತ್ರೆ ನಮ್ಮ ಗತಿ?

ಆಫರ್ ಕೊಟ್ಟವರನ್ನ ಪ್ರಶ್ನೆ ಕೇಳೋದು ದುರಹಂಕಾರ ಅಲ್ಲ. ನಮ್ಮ ಹಗರೆ ಕಡೆಯ ಹುಡುಗಿಗೆ ಬೆಂಗಳೂರಿನ ಏಜೆನ್ಸಿಯೊಂದು ಕಳಿಸಿದ ಪತ್ರದ ಮೂರನೇ ಪುಟದಲ್ಲಿ, ಕ್ಲೈಂಟ್ ಪ್ರಾಜೆಕ್ಟ್ ಇರೋವರೆಗೆ ಮಾತ್ರ ಕೆಲಸ ಅಂತಿತ್ತು. ನಿಂತ್ರೆ ಬೇರೆ ಕಡೆ ಹಾಕ್ತೀರಾ, ಅಲ್ಲೀವರೆಗೆ ಸಂಬಳ ಉಂಟಾ, ನೋಟಿಸ್ ಎಷ್ಟು ದಿನ ಅಂತ ಕೇಳಿಸಿದೆ. ಫೋನಲ್ಲಿ ‘ಏನೂ ಆಗಲ್ಲಮ್ಮ’ ಅಂದ್ರು. ಅದನ್ನೇ ಮೇಲ್ ಮಾಡಿ ಅಂದ್ರೆ ಸುಮ್ಮನಾದ್ರು.

ಆ ಒಂದು ಸಾಲಿನ ಪ್ರಕಾರ ತೆಗೆದರೆ ಕಾನೂನು ಸಾಮಾನ್ಯವಾಗಿ ಅದನ್ನ ರಿಟ್ರೆಂಚ್‌ಮೆಂಟ್ ಅನ್ನಲ್ಲ. ಆಗ ದುಡಿದ ವರ್ಷಕ್ಕೆ 15 ದಿನದ ಸಂಬಳದಂತೆ ಕೊಡೋ ಪರಿಹಾರವೂ ಇಲ್ಲ. ಜಮೀನಿದ್ದೋರು ಎರಡು ತಿಂಗಳು ಊರಿಗೆ ಬಂದು ಕೂರಬಹುದು. ನಮ್ಮ ಮಕ್ಕಳ ಪಿ.ಜಿ. ಬಾಡಿಗೆ ಯಾರು ಕಟ್ಟೋದು? ಉತ್ತರ ಬರಹದಲ್ಲಿ ಬರೋವರೆಗೆ ಇರೋ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ.